ಬಡ್ಡಿ ಇಲ್ಲದ ಕಂತು ಅಂತ ನಂಬಿ 22,500ರ ಮೊಬೈಲಿಗೆ 27,574 ಕಟ್ತಿದ್ದೀನಿ

ಹೇಳ್ಕೊಳ್ಳೋಕೆ ನಾಚಿಕೆ ಆಗ್ತಿದೆ, ಆದ್ರೂ ಬರೀತೀನಿ. ನಾನು ಶಿವಮೊಗ್ಗದಲ್ಲಿ ಅಡಿಕೆ ಮಂಡಿಯೊಂದರಲ್ಲಿ ಹನ್ನೊಂದು ವರ್ಷದಿಂದ ಲೆಕ್ಕ ಬರೆಯೋನು. ಯಾರು ಎಷ್ಟು ಮುಂಗಡ ತಗೊಂಡ್ರು, ಯಾವ ತಾರೀಕಿನಿಂದ ಎಷ್ಟು ಬಡ್ಡಿ ಅಂತ ನಿದ್ದೆಗಣ್ಣಲ್ಲೂ ಹೇಳ್ತೀನಿ. ಅಂಥ ನನಗೇ ಅರ್ಧ ಗಂಟೆಯಲ್ಲಿ ಟೋಪಿ ಹಾಕಿ ಕಳಿಸಿದಾರೆ. ಅದೂ ಕೂರಿಸಿ, ಟೀ ಕೊಟ್ಟು.

ಹಳೇ ಮೊಬೈಲಿನ ಡಿಸ್‌ಪ್ಲೇ ಹೋಗಿತ್ತು. ಅಂಗಡಿಯಲ್ಲಿ ಒಂದು ಮೊಬೈಲ್ ಇಷ್ಟ ಆಯ್ತು, 24,000 ಅಂದ್ರು. ನನ್ನ ಹತ್ರ ಬ್ಯಾಂಕಲ್ಲಿ ದುಡ್ಡು ಇರಲಿಲ್ಲ ಅಂತೇನಲ್ಲ, ಮಗಳ ಕಾಲೇಜ್ ಫೀಸಿಗೆ ಅಂತ ಇಟ್ಟಿದ್ದು ಇತ್ತು. ಅಷ್ಟರಲ್ಲಿ ಮೂಲೆ ಟೇಬಲ್ಲಿನಲ್ಲಿ ಕೂತಿದ್ದ ಫೈನಾನ್ಸ್ ಹುಡುಗ ಎದ್ದು ಬಂದ. "ಅಣ್ಣ, ಸುಮ್ನೆ ಯಾಕೆ ಒಟ್ಟಿಗೆ ಕೊಡ್ತೀರಾ? ಎಂಟು ಕಂತು, ತಿಂಗಳಿಗೆ ಮೂರು ಸಾವಿರ. ಎರಡು ಕಂತು ಈಗ, ಉಳಿದಿದ್ದು ಆರು ತಿಂಗಳು. ಬಡ್ಡಿ ಸೊನ್ನೆ." ಮೂರೆಂಟ್ಲಿ ಇಪ್ಪತ್ನಾಲ್ಕು. ಮನಸ್ಸಲ್ಲೇ ಗುಣಿಸಿ ನೋಡ್ದೆ, ಸರಿ ಇತ್ತು. ಅಲ್ಲೇ ಬಿದ್ದೆ ನಾನು. ಕೂಡೋದು ಗುಣಿಸೋದು ಬರುತ್ತೆ ಅನ್ನೋ ಕೊಬ್ಬು.

ಆಧಾರ್, ಪ್ಯಾನ್, ಬ್ಯಾಂಕ್ ಖಾತೆ ನಂಬರ್ ಎಲ್ಲ ತಗೊಂಡ, ಒಂದು ಫೋಟೋ ಹೊಡೆದ. ಆಮೇಲೆ ಓಟಿಪಿ ಶುರು. "ಅಣ್ಣ, ಓಟಿಪಿ ಬಂತಾ, ಹೇಳಿ." ಹೇಳ್ದೆ. "ಇನ್ನೊಂದು ಬರುತ್ತೆ." ಅದನ್ನೂ ಹೇಳ್ದೆ. "ಲಾಸ್ಟ್ ಒಂದು." ಒಟ್ಟು ಮೂರು. ಡಿಸ್‌ಪ್ಲೇ ಅರ್ಧ ಕಪ್ಪಾಗಿದ್ದ ಮೊಬೈಲಲ್ಲಿ ನಂಬರ್ ಮಾತ್ರ ಹುಡುಕಿ ಹುಡುಕಿ ಓದಿದೆ, ಅದರ ಪಕ್ಕ ಏನು ಬರೆದಿದೆ ಅಂತ ನೋಡಲಿಲ್ಲ. ನೋಡಲಿಲ್ಲ! ಆಮೇಲೆ ತೆಗೆದು ಓದಿದ್ರೆ ಒಂದು ಸಾಲಕ್ಕೆ, ಒಂದು ಖಾತೆಯಿಂದ ಕಂತು ಕಡಿತಕ್ಕೆ, ನಡುವಿನದು ಮೊಬೈಲ್ ಇನ್ಶೂರೆನ್ಸಿಗೆ. ಇನ್ಶೂರೆನ್ಸ್ ಅನ್ನೋ ಪದ ಆ ಟೇಬಲ್ ಮುಂದೆ ಒಂದ್ಸಲನೂ ಯಾರ ಬಾಯಲ್ಲೂ ಬರಲಿಲ್ಲ.

ಬಿಲ್ಲಿನ ಹೊತ್ತಿಗೆ 7,579 ಕಟ್ಟಿ ಅಂದ್ರು. ಆರು ಸಾವಿರ ಅಲ್ವಾ ಅಂದ್ರೆ, "ಪ್ರೊಸೆಸಿಂಗು, ಕಾರ್ಡು ಎಲ್ಲ ಸೇರಿ ಅಣ್ಣ, ಒಂದೇ ಸಲ." ಹಿಂದೆ ನಾಕು ಜನ ನಿಂತಿದ್ರು. ಚೌಕಾಸಿ ಮಾಡೋಕೆ ಮುಜುಗರ ಆಗಿ ಕಟ್ಟಿದೆ. ಮನೆಗೆ ಬಂದು ಹೊಸ ಮೊಬೈಲಿಗೆ ಸಿಮ್ ಹಾಕಿದ ಮೇಲೆ ಮೊದಲು ಬಂದ ಮೆಸೇಜೇ ಇದು: ನಿಮ್ಮ ಕಂತು 3,200. ಮೂರು ಸಾವಿರ ಅಲ್ಲ, ಮೂರು ಸಾವಿರದ ಇನ್ನೂರು. 1,600ರ ಇನ್ಶೂರೆನ್ಸನ್ನ ಸಾಲಕ್ಕೇ ಸೇರಿಸಿ ಎಂಟು ಪಾಲು ಮಾಡಿದ್ರು.

ಇಷ್ಟಕ್ಕೇ ಬರೀತಿರಲಿಲ್ಲ. ಮುಂದಿನ ವಾರ ನಮ್ಮ ಭಾವಮೈದ ಅದೇ ಅಂಗಡೀಲಿ ಅದೇ ಮೊಬೈಲ್ ತಗೊಂಡ. ಸ್ಕ್ಯಾನ್ ಮಾಡಿ ಪೂರ್ತಿ ದುಡ್ಡು ಕಟ್ಟಿದಾನೆ. 22,500! "ಭಾವ, ನೀವು ಕೇಳಲಿಲ್ವಾ?" ಅಂದ. ಇಲ್ಲ ಕಣಪ್ಪ, ಕೇಳಲಿಲ್ಲ. ಕಂತಿನ ಮಾತು ಬಂದ ಮೇಲೆ ಬೆಲೆ ಮಾತು ಅಲ್ಲಿಗೇ ನಿಂತುಹೋಯ್ತು.

ಅಂಗಡಿಗೆ ಹೋಗಿ ಕೇಳ್ದೆ. ಮಾಲೀಕ ನಗ್ತಾನೇ ಹೇಳಿದ: "ಅದು ಕ್ಯಾಶ್ ರೇಟು ಸರ್. ನಿಮ್ಮದು ಸ್ಕೀಮ್ ರೇಟು." ಅಂದ್ರೆ ಬಡ್ಡಿ ಸೊನ್ನೆ ಅಂದಿದ್ದು? "ಸೊನ್ನೇನೇ ಸರ್, ಪೇಪರ್ ನೋಡಿ ಬೇಕಾದ್ರೆ." ಪೇಪರಲ್ಲಿ ನಿಜವಾಗ್ಲೂ ಸೊನ್ನೆ ಇದೆ. ಫೈನಾನ್ಸ್ ಹುಡುಗ ಮೊದಲು ಅಣ್ಣ ಅಂತಿದ್ದೋನು ಈಗ ಸರ್ ಆದ: "ಓಟಿಪಿ ನೀವೇ ಕೊಟ್ಟಿದ್ದಲ್ವಾ ಸರ್?" ಕಸ್ಟಮರ್ ಕೇರಿನ ಹೆಣ್ಣುಮಗಳೂ ಅದನ್ನೇ ಹೇಳಿದ್ಲು, ಸ್ವಲ್ಪ ಮರ್ಯಾದೆಯಾಗಿ: "ನಿಮ್ಮ ಮೊಬೈಲಿಗೆ ಬಂದ ಓಟಿಪಿ ಮೂಲಕ ತಾವು ಸಮ್ಮತಿ ನೀಡಿದ್ದೀರಿ." ಇನ್ಶೂರೆನ್ಸ್ ತೆಗೀರಿ ಅಂದ್ರೆ ಅದು ಬೇರೆ ಕಂಪನಿಯಂತೆ, ಅವರಿಗೆ ಫೋನ್ ಮಾಡಬೇಕಂತೆ. ಅವರಿಗೆ ಮಾಡಿದ್ರೆ ಸಾಲ ಕೊಟ್ಟೋರನ್ನ ಕೇಳಿ ಅಂತಾರೆ.

ಅವತ್ತು ರಾತ್ರಿ ಕೂತು ಮಂಡಿ ಲೆಕ್ಕದ ಥರಾನೇ ಬರೆದೆ. ಮುಂಗಡ ಎರಡು ಕಂತು 6,400, ಪ್ರೊಸೆಸಿಂಗ್ 649, ಕಾರ್ಡ್ 530. ಆಮೇಲೆ ಆರು ಕಂತು 19,200. ಒಟ್ಟು 26,779. ನಗದು ಬೆಲೆ 22,500 ಆಗಿದ್ರೆ, ನಾನು ಅವತ್ತು ಕಟ್ಟಿದ 7,579 ಕಳೆದು ನನಗೆ ನಿಜವಾಗಿ ಸಿಕ್ಕ ಸಾಲ 14,921 ಮಾತ್ರ. ಅದಕ್ಕೆ ಆರು ತಿಂಗಳಲ್ಲಿ 19,200 ವಾಪಸ್. ಪ್ರತಿ ಕಂತು ಕಟ್ಟಿದ ಮೇಲೆ ಉಳಿದ ಅಸಲಿನ ಮೇಲೆ ಬಡ್ಡಿ ಹಾಕ್ತಾ ಬಂದೆ. ನೂರಕ್ಕೆ ಎರಡು ರೂಪಾಯಿ ಹಾಕಿದೆ, ಸಾಲಲಿಲ್ಲ. ಮೂರು, ನಾಲ್ಕು, ಐದು. ತಿಂಗಳಿಗೆ ನೂರಕ್ಕೆ ಹತ್ತಿರಹತ್ತಿರ ಏಳೂಮುಕ್ಕಾಲು ರೂಪಾಯಿ ಹಾಕಿದಾಗ ಲೆಕ್ಕ ಕೂತ್ಕೊಳ್ತು. ಇನ್ಶೂರೆನ್ಸು ಬೇಕು ಅಂತಲೇ ತಗೊಂಡೆ ಅಂದ್ಕೊಂಡು ಅದನ್ನ ಬಿಟ್ಟು ಹಾಕಿದ್ರೂ ನಾಲ್ಕೂವರೆ. ನಮ್ಮ ಕಡೆ ನೂರಕ್ಕೆ ಮೂರು ರೂಪಾಯಿ ತಗೊಳ್ಳೋರನ್ನ ರಕ್ತ ಹೀರ್ತಾರೆ ಅಂತೀವಿ. ಯಜಮಾನ್ರಿಗೆ ತೋರಿಸಿದೆ, "ನಾವು ರೈತರಿಗೆ ಈ ಬಡ್ಡಿ ಹಾಕಿದ್ರೆ ಮಂಡಿಗೇ ಬೆಂಕಿ ಇಡ್ತಾರಲ್ಲೋ" ಅಂದ್ರು.

ಇದರ ಮೇಲೆ ಒಂದು ಬರೆ. ಕಂತು ಕಡಿಯೋದು 2ನೇ ತಾರೀಕು, ನನಗೆ ಸಂಬಳ ಬರೋದು 7ಕ್ಕೆ. ಮೂರನೇ ತಿಂಗಳು ಖಾತೇಲಿ ನೂರನಲವತ್ತು ರೂಪಾಯಿ ಕಮ್ಮಿ ಇತ್ತು. ಫೈನಾನ್ಸಿನೋರು 500 ಹಾಕಿದ್ರು, ಬ್ಯಾಂಕಿನೋರು ಬೇರೆ 295. ನೂರನಲವತ್ತಕ್ಕೆ ಏಳುನೂರ ತೊಂಬತ್ತೈದು! ಹಿಂಗಾಗಿ ಒಟ್ಟು 27,574, ಭಾವಮೈದ ಕೊಟ್ಟಿದ್ದಕ್ಕಿಂತ 5,074 ಜಾಸ್ತಿ. ಇನ್ನೂ ಎರಡು ಕಂತು ಬಾಕಿ ಇದೆ.

ಸೊನ್ನೆ ಬಡ್ಡಿ ಅನ್ನೋದೇ ಇಲ್ಲ ಅಂತ ರಿಸರ್ವ್ ಬ್ಯಾಂಕು 2013ರಲ್ಲೇ ಬ್ಯಾಂಕುಗಳಿಗೆ ಬರೆದಿತ್ತು. ಬಡ್ಡಿಯನ್ನ ಪ್ರೊಸೆಸಿಂಗ್ ಫೀಸ್ ಅಂತ ಬಚ್ಚಿಡ್ತಾರೆ, ರಿಯಾಯ್ತಿ ಇದ್ರೆ ಅದನ್ನ ಕಳೆದೇ ಸಾಲ ಕೊಡಬೇಕು ಅಂತ. ನನ್ನ ಕಥೇಲಿ ಅದೇ ಆಗಿದ್ದು. ನಗದು ಕೊಟ್ಟೋರಿಗೆ ಬಿಡೋ 1,500 ನನಗೆ ಬಿಡಲಿಲ್ಲ, ಬಡ್ಡಿ ಅಲ್ಲೇ ಅಡಗಿತ್ತು.

ತಗೊಳ್ಳಲೇಬೇಕು ಅಂದ್ರೆ ಕಂತಿನ ಮಾತು ಎತ್ತೋ ಮೊದಲು "ಪೂರ್ತಿ ದುಡ್ಡು ಈಗ ಕೊಟ್ರೆ ಎಷ್ಟಕ್ಕೆ ಬಿಡ್ತೀರಾ" ಅಂತ ಕೇಳಿ, ಚೀಟಿ ಮೇಲೆ ಬರೆಸ್ಕೊಳ್ಳಿ. ಓಟಿಪಿ ಕೊಡೋ ಮುಂಚೆ ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್, ಅಂದ್ರೆ ಸಾಲದ ಖರ್ಚೆಲ್ಲ ಬರೆದಿರೋ ಹಾಳೆ ಕೇಳಿ. 2024ರ ಅಕ್ಟೋಬರ್ 1ರಿಂದ ಇಂಥ ಹೊಸ ಸಾಲಕ್ಕೆಲ್ಲ ಅದನ್ನ ಕೊಡಲೇಬೇಕು, ನಿಮಗೆ ಅರ್ಥ ಆಗೋ ಭಾಷೇಲಿ. ಪ್ರೊಸೆಸಿಂಗು, ಇನ್ಶೂರೆನ್ಸು ಅದರಲ್ಲಿ ಕಾಣುತ್ತೆ. ನನಗೆ ಅದು ಮಾರನೇ ದಿನ ಈಮೇಲಲ್ಲಿ ಬಂತು, ಏನು ಪ್ರಯೋಜನ? ಆದ್ರೆ ನೀವು ಕಳ್ಕೊಂಡ ನಗದು ರಿಯಾಯ್ತಿ ಆ ಹಾಳೇಲೂ ಕಾಣಲ್ಲ, ಅದನ್ನ ನೀವೇ ಕೇಳಿ ತಿಳ್ಕೋಬೇಕು.

ಇನ್ಶೂರೆನ್ಸ್ ವಿಷಯಕ್ಕೆ ಫೈನಾನ್ಸ್ ಕಂಪನಿಗೆ ಬರವಣಿಗೆಯಲ್ಲಿ ದೂರು ಕೊಟ್ಟು ಹನ್ನೆರಡು ದಿನ ಆಯ್ತು. ಮೂವತ್ತು ದಿನದೊಳಗೆ ಉತ್ತರ ಬರದೇ ಇದ್ರೆ ರಿಸರ್ವ್ ಬ್ಯಾಂಕಿನ cms.rbi.org.in ಅಲ್ಲಿ ಹಾಕ್ತೀನಿ. ಆ 1,600 ಬಂದ್ರೂ ಬರಬಹುದು. ಅಂಗಡಿಯೋನು ನುಂಗಿದ 1,500 ಮಾತ್ರ ಬರಲ್ಲ, ಅದಕ್ಕೆ ರಸೀದಿನೇ ಇಲ್ಲ.