ಶ್ರುತಿ ತೋರಿಸುವ ಆ್ಯಪ್ ಮತ್ತು ನನ್ನ ಭೂಪದ ಗಾಂಧಾರ: ಹದಿನಾಲ್ಕು ತಿಂಗಳ ಬಳಕೆಯ ನಂತರ

ತಂಬೂರಿಯ ನಾದ ಕೊಡುವುದು, ನಾವು ಹಾಡಿದ ಸ್ವರ ಎಲ್ಲಿ ನಿಂತಿದೆ ಅಂತ ಮುಳ್ಳಿನಲ್ಲಿ ತೋರಿಸುವುದು, ಎರಡೂ ಒಂದರಲ್ಲೇ ಇರುವ ಆ್ಯಪ್ ಇದು. ತಿಂಗಳಿಗೆ 99 ರೂಪಾಯಿ. ಹಿಂದೂಸ್ತಾನಿ ಗಾಯನದ ಪ್ರಾರಂಭಿಕ ಪರೀಕ್ಷೆಗೆ ಕೂರಬೇಕು ಅಂತ ತೀರ್ಮಾನಿಸಿದ ವಾರವೇ ಹಾಕಿಕೊಂಡೆ. ಆಗ ನನಗೆ ನಲವತ್ತೊಂದು. ಸೊಸೈಟಿಯಲ್ಲಿ ಕೆಲಸ, ಶಿರಸಿಯಿಂದ ಒಳಗೆ ತೋಟದ ಮನೆ, ವಾರಕ್ಕೆ ಒಂದೇ ದಿನ ಪೇಟೆಗೆ ಹೋಗಿ ಪಾಠ. ಉಳಿದ ಆರು ದಿನ ಸರಿ ತಪ್ಪು ಹೇಳುವವರು ಯಾರೂ ಇಲ್ಲ. ಒಳ್ಳೆಯ ಎಲೆಕ್ಟ್ರಾನಿಕ್ ತಂಬೂರಿ ಪೆಟ್ಟಿಗೆ ಕೊಳ್ಳುವಷ್ಟು ದುಡ್ಡು ಆಗ ಕೈಯಲ್ಲಿರಲಿಲ್ಲ.

ತಂಬೂರಿಯ ಭಾಗಕ್ಕೆ ನಾನು ಪೂರ್ತಿ ಅಂಕ ಕೊಡುತ್ತೇನೆ. ಬೆಳಿಗ್ಗೆ ಐದೂವರೆಗೆ ಎದ್ದು, ಒಲೆಗೆ ನೀರಿಟ್ಟು, ಜಗಲಿಯ ಮೂಲೆಯಲ್ಲಿ ಚಾಪೆ ಹಾಸಿ ಕೂರುತ್ತೇನೆ. ನನ್ನ ಶ್ರುತಿ ಕಪ್ಪು ನಾಲ್ಕು, ಹಾರ್ಮೋನಿಯಂ ಪೇಟಿಯ ನಾಲ್ಕನೆಯ ಕಪ್ಪು ಮನೆ. ಪಂಚಮ, ಎರಡು ಷಡ್ಜ, ಕೊನೆಗೆ ಕೆಳಗಿನ ಷಡ್ಜವಾದ ಖರ್ಜ, ಹೀಗೆ ನಾಲ್ಕು ತಂತಿ ನಿಧಾನವಾಗಿ ಸುತ್ತುತ್ತಿದ್ದರೆ ಮೊದಲ ಐದು ನಿಮಿಷ ಬಾಯಿ ತೆರೆಯುವುದಿಲ್ಲ, ಬರೀ ಕೇಳುತ್ತೇನೆ. ಆಮೇಲೆ ಮಂದ್ರ ಷಡ್ಜ. ನೀರು ಕುದಿಯುವ ಸದ್ದು ಬರುವ ಹೊತ್ತಿಗೆ ಗಂಟಲು ಬಿಟ್ಟುಕೊಂಡಿರುತ್ತದೆ. ಹದಿನಾಲ್ಕು ತಿಂಗಳಲ್ಲಿ ಈ ನಾದ ಒಂದು ದಿನವೂ ಬೇಸರ ತಂದಿಲ್ಲ. ಕರೆಂಟು ಹೋದರೂ ಮೊಬೈಲಲ್ಲಿ ಚಾರ್ಜ್ ಇದ್ದರೆ ಸಾಕು. ಮಳೆಗಾಲದಲ್ಲಿ ನಮ್ಮ ಕಡೆ ಅದೇ ದೊಡ್ಡ ಉಪಕಾರ.

ತಕರಾರು ಇರುವುದು ಮುಳ್ಳಿನ ಬಗ್ಗೆ.

ಮೊದಲ ತಿಂಗಳಲ್ಲೇ ಒಂದು ವಿಚಿತ್ರ ನಡೆಯಿತು. ಷಡ್ಜ ಹಿಡಿದರೆ ಮುಳ್ಳು ನಟ್ಟ ನಡುವೆ, ಹಸಿರು. ದಿನವೂ ಹಸಿರು. ಒಂದು ದಿನ ಕೆಮ್ಮು ಬಂದು ನಿಲ್ಲಿಸಿದೆ, ಮುಳ್ಳು ಮಾತ್ರ ಹಸಿರಿನಲ್ಲೇ ನಿಂತಿತ್ತು. ಮೊಬೈಲಿನ ಸ್ಪೀಕರಿನಿಂದ ಬರುತ್ತಿದ್ದ ತಂಬೂರಿಯ ಷಡ್ಜವನ್ನು ಅದೇ ಮೊಬೈಲಿನ ಮೈಕು ಕೇಳಿಸಿಕೊಂಡು ನನ್ನ ಸ್ವರ ಅಂತ ತೋರಿಸುತ್ತಿತ್ತು. ಹೊಸದಾಗಿ ಬಳಸುವವರು ಮೊದಲು ಇದನ್ನೇ ಪರೀಕ್ಷಿಸಿ: ತಂಬೂರಿ ನುಡಿಯುತ್ತಿರಲಿ, ನೀವು ಬಾಯಿ ಮುಚ್ಚಿ ಕುಳಿತುಕೊಳ್ಳಿ. ಆಗಲೂ ಮುಳ್ಳು ಎದ್ದರೆ ಅದು ನಿಮ್ಮ ಲೆಕ್ಕ ಅಲ್ಲ. ಒಂದೇ ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಇನ್ನೊಂದು ಕಿವಿಯನ್ನು ನನ್ನ ದನಿಗೆ ಬಿಟ್ಟೆ, ಅಲ್ಲಿಗೆ ಆ ತೊಂದರೆ ಮುಗಿಯಿತು. ಹಂಚಿನ ಮೇಲೆ ಮಳೆ ಹೊಡೆಯುವಾಗ ಮುಳ್ಳು ಕುಣಿಯುತ್ತದೆ, ಅದಕ್ಕೆ ಮದ್ದಿಲ್ಲ.

ದೊಡ್ಡ ಪೆಟ್ಟು ಬಿದ್ದದ್ದು ಗಾಂಧಾರದಲ್ಲಿ. ಪರೀಕ್ಷೆಗೆ ಭೂಪ ಆರಿಸಿಕೊಂಡಿದ್ದೆ. ಸಾ ರೇ ಗ ಪ ಧ, ಐದೂ ಶುದ್ಧ ಸ್ವರ, ವಾದಿ, ಅಂದರೆ ರಾಗದ ಮುಖ್ಯ ಸ್ವರ, ಗಾಂಧಾರ. ನಮ್ಮ ಗುರುಗಳು ಕೊಟ್ಟ ಚೀಜಿನಲ್ಲಿ, ಅಂದರೆ ಹಾಡುವ ರಚನೆಯಲ್ಲಿ, ತಾಳದ ಮೊದಲ ಮಾತ್ರೆಯಾದ ಸಮ್ ಬೀಳುವುದೂ ಗಾಂಧಾರದ ಮೇಲೇ. ಹಾಗಾಗಿ ಆ ಸ್ವರ ಗಟ್ಟಿ ಮಾಡಬೇಕು ಅಂತ ಮೂರು ತಿಂಗಳು ಮುಳ್ಳನ್ನು ನೋಡುತ್ತ ಗಾಂಧಾರ ಹಿಡಿದೆ. ಸಹಜವಾಗಿ ಹಾಡಿದರೆ ಮುಳ್ಳು ಎಡಕ್ಕೆ ಬಿದ್ದು ಕೆಂಪಾಗುತ್ತಿತ್ತು, ಅಂದರೆ ಸ್ವರ ಇಳಿದಿದೆ ಅಂತ. ಚೂರು ಏರಿಸಿದರೆ ಹಸಿರು. ಏರಿಸಿ ಏರಿಸಿ ಅಭ್ಯಾಸ ಮಾಡಿಕೊಂಡು ಹೋಗಿ ಹಾಡಿದರೆ ಗುರುಗಳು ಕಣ್ಣು ಮುಚ್ಚಿಕೊಂಡೇ ಕೈ ಎತ್ತಿದರು. "ಗಾಂಧಾರ ಏರ್ತಾ ಇದ್ದು ತಂಗಿ. ಮೊದ್ಲು ಸರಿ ಇತ್ತಲೇ, ಯಂತಾ ಆತು?" ಅಂದರು. ನನಗೆ ಅಳುವೇ ಬಂತು. ಮೂರು ತಿಂಗಳ ಬೆಳಗು ಅದಕ್ಕೇ ಕೊಟ್ಟಿದ್ದೆ.

ಕಾರಣ ಇಷ್ಟು. ಒಂದು ಸಪ್ತಕವನ್ನು 1200 ಸೆಂಟ್ ಅಂತ ಅಳೆಯುತ್ತಾರೆ. ಆ್ಯಪ್ ಅದನ್ನು ಹನ್ನೆರಡು ಸಮಭಾಗ ಮಾಡಿ, ಗಾಂಧಾರವನ್ನು 400 ಸೆಂಟಿನಲ್ಲಿ ಇಡುತ್ತದೆ. ಈಗಿನ ಸಾಮಾನ್ಯ ಪೇಟಿಗಳಲ್ಲೂ ಹಾಗೇ. ತಂಬೂರಿಯ ಖರ್ಜದೊಳಗಿಂದ ತಾನಾಗಿ ಏಳುವ ಗಾಂಧಾರ ಇರುವುದು 386ರಲ್ಲಿ. ಷಡ್ಜಕ್ಕೂ ಅದಕ್ಕೂ ನಾಲ್ಕಕ್ಕೆ ಐದರ ಸಂಬಂಧ. ನನ್ನ ಕಪ್ಪು ನಾಲ್ಕರ ಷಡ್ಜ ಸುಮಾರು 207.7 ಹರ್ಟ್ಸ್. ಅದರ ಸಹಜ ಗಾಂಧಾರ 259.6, ಆ್ಯಪ್ ಹಸಿರು ತೋರಿಸುವ ಗಾಂಧಾರ 261.6. ಬರೀ ಎರಡು ಹರ್ಟ್ಸ್ ಅಂತ ಅನ್ನಿಸಬಹುದು, ಆದರೆ ಕಿವಿಗೆ ಅದು ಚೆನ್ನಾಗಿ ಗೊತ್ತಾಗುತ್ತದೆ. ಖರ್ಜದ ತಂತಿ ಮೀಟಿದ ಮೇಲೆ ಕಾದು ಕೇಳಿ, ನಾವು ಹಾಡುವುದಕ್ಕಿಂತ ಒಂದು ಸಪ್ತಕ ಮೇಲೆ ಸಣ್ಣದಾಗಿ ಒಂದು ಗಾಂಧಾರ ಹೊಮ್ಮುತ್ತದೆ. ಏರಿದ ಗಾಂಧಾರವನ್ನು ಅದರ ಜೊತೆ ಹಿಡಿದರೆ ಸೆಕೆಂಡಿಗೆ ನಾಲ್ಕು ಸಲದಂತೆ "ವಾಂವ್ ವಾಂವ್" ಅಂತ ಅಲೆ ಏಳುತ್ತದೆ. ದನಿಯನ್ನು ಕೂದಲೆಳೆಯಷ್ಟು ಇಳಿಸುತ್ತ ಬಂದರೆ ಅಲೆ ನಿಧಾನವಾಗುತ್ತದೆ, ಆಮೇಲೆ ನಿಲ್ಲುತ್ತದೆ. ಆ ನಿಂತ ಜಾಗ ಗಾಂಧಾರ. ಗುರುಗಳು ಮೂವತ್ತು ವರ್ಷದಿಂದ "ತಂಬೂರಿ ಒಳಗೆ ಹೋಗು" ಅಂತ ಶಿಷ್ಯರಿಗೆ ಹೇಳುತ್ತಿದ್ದದ್ದು ಇದನ್ನೇ.

ಆ್ಯಪಿನಲ್ಲಿ ಇದನ್ನು ಸರಿಪಡಿಸುವ ದಾರಿ ಇದೆ ಅಂತ ತಿಳಿದದ್ದು ಐದನೆಯ ತಿಂಗಳಲ್ಲಿ. ಸೆಟ್ಟಿಂಗಿನಲ್ಲಿ ತುಂಬ ಒಳಗೆ `Temperament` ಅಂತ ಇದೆ, ಅದು `Equal` ಆಗಿರುತ್ತದೆ. `Just` ಮಾಡಿ, ಷಡ್ಜ ಯಾವುದು ಅಂತಲೂ ಕೊಟ್ಟರೆ ಸಹಜ ಗಾಂಧಾರಕ್ಕೆ ಹಸಿರು ಬರುತ್ತದೆ. ತಂಬೂರಿಯನ್ನು ಮುಂದಿಟ್ಟುಕೊಂಡು ಮಾರುವ ಆ್ಯಪು ಇದನ್ನು ಮೊದಲ ಪರದೆಯಲ್ಲೇ ಕೇಳಬೇಕಿತ್ತು. ಈ ಒಂದು ಕಾರಣಕ್ಕೆ ನನ್ನ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ. ಇಷ್ಟಾದರೂ ಮೀಂಡಿಗೆ ಮುಳ್ಳು ಉಪಯೋಗಕ್ಕೆ ಬರುವುದಿಲ್ಲ. ಪಂಚಮದಿಂದ ಗಾಂಧಾರಕ್ಕೆ ಜಾರುವಾಗ ಅದು ದಾರಿಯ ಸ್ವರಗಳನ್ನೆಲ್ಲ ತಪ್ಪು ಅಂತ ಎಣಿಸಿ ಕೆಂಪು ತೋರಿಸುತ್ತದೆ. ಆ ಜಾರು ಇಲ್ಲದಿದ್ದರೆ ಭೂಪ ಎಲ್ಲಿ ಉಳಿಯಿತು?

ನಾನು ನಿರೀಕ್ಷಿಸದೇ ಸಿಕ್ಕ ಲಾಭ ಉಸಿರಿನದು. ಹಾಡಿದ್ದನ್ನು ಆ್ಯಪ್ ಗೆರೆಯಾಗಿ ಬರೆದಿಡುತ್ತದೆ. ಒಂದೇ ಉಸಿರಿಗೆ ಷಡ್ಜ ಹಿಡಿದು ನೋಡಿದೆ. ಒಂಬತ್ತು ಸೆಕೆಂಡು ಗೆರೆ ನೆಟ್ಟಗೆ, ಆಮೇಲೆ ಒದ್ದೆ ಬಟ್ಟೆ ಹಾಕಿದ ಹಗ್ಗದ ಹಾಗೆ ಜೋತು ಬಿದ್ದಿತ್ತು. ನನ್ನ ಕಿವಿಗೆ ಅದು ಕೇಳಿಸಿಯೇ ಇರಲಿಲ್ಲ. ಕಿವಿಯ ದೋಷ ಅಂತ ಹೆದರಿದ್ದೆ, ತಪ್ಪು ಉಸಿರಿನಲ್ಲಿತ್ತು. ಹೆಗಲು ಎತ್ತಿ ಎದೆ ತುಂಬ ಗಾಳಿ ಎಳೆದು, ಅರ್ಧಕ್ಕರ್ಧ ಮೊದಲೇ ಬಿಟ್ಟುಬಿಡುತ್ತಿದ್ದೆ. ಕೊನೆಗೆ ಒಳಗಿನ ಒತ್ತಡ ಸಾಲದೆ ಸ್ವರ ಕುಸಿಯುತ್ತಿತ್ತು. ಗುರುಗಳು ಹೇಳಿದಂತೆ ಕೆಳ ಪಕ್ಕೆಲುಬಿನ ಮೇಲೆ ಎರಡೂ ಕೈ ಇಟ್ಟುಕೊಂಡು, ಹೆಗಲು ಅಲುಗದಂತೆ ಮೂಗಿನಿಂದ ಉಸಿರು ತೆಗೆದುಕೊಂಡು, ಪಕ್ಕೆ ಬೇಗ ಕುಗ್ಗಲು ಬಿಡದೆ "ಸ್" ಅಂತ ಸಮನಾಗಿ ಬಿಡುವುದನ್ನು ರೂಢಿಸಿದೆ. ಕಂಠ ಪೂರ್ತಿ ತುಂಬಿಕೊಳ್ಳಬಾರದು, ಮುಕ್ಕಾಲು ಸಾಕು. ಎರಡು ತಿಂಗಳಿಗೆ "ಸ್" ಇಪ್ಪತ್ತು ಸೆಕೆಂಡು ಬಂತು, ಷಡ್ಜದ ಗೆರೆ ಹದಿನಾಲ್ಕರವರೆಗೆ ನೆಟ್ಟಗೆ ನಿಂತಿತು.

ಚೀಜಿನೊಳಗೆ ಅದನ್ನು ಹೊಂದಿಸಿದ್ದು ಹೀಗೆ. ತೀನತಾಳ, ಹದಿನಾರು ಮಾತ್ರೆ. ಚೀಜು ಖಾಲಿಯಿಂದ, ಅಂದರೆ ಒಂಬತ್ತನೆಯ ಮಾತ್ರೆಯಿಂದ ಎತ್ತುತ್ತದೆ. ನಿಮಿಷಕ್ಕೆ 120 ಮಾತ್ರೆಯ ಲಯದಲ್ಲಿ ಒಂದು ಆವರ್ತನಕ್ಕೆ ಎಂಟು ಸೆಕೆಂಡು. ಮೊದಮೊದಲು ಇಡೀ ಸಾಲನ್ನು ಒಂದೇ ಉಸಿರಿಗೆ ಹೇಳುತ್ತಿದ್ದೆ, ಸಾಲಿನ ಕೊನೆಯ ಮಂದ್ರ ಧೈವತಕ್ಕೆ ಬರುವಾಗ ಗಾಳಿ ಮುಗಿದು ಸ್ವರ ಇಳಿಯುತ್ತಿತ್ತು. ಸಮ್ಮಿನ ಗಾಂಧಾರ ಹಿಡಿದು, ನಾಲ್ಕನೆಯ ಮಾತ್ರೆಗೆ ಆ ಶಬ್ದ ಮುಗಿಸಿ, ಅಲ್ಲೊಂದು ಸಣ್ಣ ಉಸಿರು. ಪುಸ್ತಕದಲ್ಲಿ ಪೆನ್ಸಿಲಿನಿಂದ ಅಲ್ಪವಿರಾಮ ಹಾಕಿಟ್ಟುಕೊಂಡೆ. ಶಬ್ದ ಮಾತ್ರ ಮುರಿಯಬಾರದು.

ಯಾವ ಚೀಜು ಅನ್ನುವುದರಲ್ಲೂ ಈ ಗೆರೆಯೇ ನೆರವಾಯಿತು. ನನಗೆ ಮೊದಲು ಮನಸ್ಸಿದ್ದದ್ದು ಭೂಪದ್ದೇ ಇನ್ನೊಂದು ಚೀಜು, ಮೊದಲ ಭಾಗವಾದ ಸ್ಥಾಯಿಯಲ್ಲೇ ಮಂದ್ರ ಪಂಚಮಕ್ಕೆ ಇಳಿಯುವಂಥದ್ದು. ಕಪ್ಪು ನಾಲ್ಕರಲ್ಲಿ ನನ್ನ ದನಿ ಮಂದ್ರ ಧೈವತದವರೆಗೆ ಗಟ್ಟಿ, ಪಂಚಮದಲ್ಲಿ ಬರೀ ಗಾಳಿ. ಗೆರೆ ಅಲ್ಲಿ ಚುಕ್ಕಿ ಚುಕ್ಕಿಯಾಗುತ್ತಿತ್ತು. ಶ್ರುತಿಯನ್ನು ಕಪ್ಪು ಐದಕ್ಕೆ ಏರಿಸಿದರೆ ಕೆಳಗೆ ಸರಿಹೋಗುತ್ತಿತ್ತು, ಎರಡನೆಯ ಭಾಗ ಅಂತರಾದ ತಾರ ಗಾಂಧಾರ ಕಿರುಚಿದ ಹಾಗಾಗುತ್ತಿತ್ತು. ಚೀಜು ಎಷ್ಟೇ ಇಷ್ಟವಾಗಲಿ, ಅದರ ಅತಿ ಕೆಳಗಿನ ಸ್ವರ, ಅತಿ ಮೇಲಿನ ಸ್ವರ ಎರಡನ್ನೂ ಬೇರೆಯಾಗಿ ಹಿಡಿದು ನೋಡದೆ ಒಪ್ಪಿಕೊಳ್ಳಬೇಡಿ. ನಾನು ಶ್ರುತಿ ಬಿಟ್ಟು ಚೀಜು ಬದಲಿಸಿದೆ.

ಪರೀಕ್ಷೆಯ ದಿನ ತಬಲಾದವರು ಹಿಡಿದ ಲಯ ನಮ್ಮ ಮನೆಯದಕ್ಕಿಂತ ನಿಧಾನ, ಅಂದಾಜು 96. ಎಂಟು ಸೆಕೆಂಡಿನ ಸಾಲು ಹತ್ತು ಸೆಕೆಂಡಾಯಿತು. ಪೆನ್ಸಿಲಿನ ಅಲ್ಪವಿರಾಮ ಇಲ್ಲದಿದ್ದರೆ ಮಂದ್ರ ಧೈವತ ಅಂದೂ ಬಿದ್ದೇ ಹೋಗುತ್ತಿತ್ತು. ಕೋಣೆಯಲ್ಲಿ ಪೇಟಿಯೂ ಇತ್ತು, ಅದರ ಗಾಂಧಾರ ನನ್ನದಕ್ಕಿಂತ ಮೇಲೆ ಕೇಳಿಸುತ್ತಿತ್ತು. ನಾನು ಪೇಟಿಯ ಕಡೆ ಗಮನ ಕೊಡದೆ ತಂಬೂರಿ ಪೆಟ್ಟಿಗೆಯ ಕಡೆಗೇ ಕಿವಿ ಇಟ್ಟು ಸಮ್ಮಿಗೆ ಬಂದೆ. ಅಲೆ ಏಳಲಿಲ್ಲ. ತೇರ್ಗಡೆಯಾಗಿದ್ದೇನೆ.

ಈಗಲೂ ಚಂದಾ ಕಟ್ಟುತ್ತಿದ್ದೇನೆ, ತಂಬೂರಿಗೆ ಮತ್ತು ಗೆರೆಗೆ. ಹಾಡುವಾಗ ಮೊಬೈಲನ್ನು ಮಗುಚಿ ಇಡುತ್ತೇನೆ, ಮುಗಿದ ಮೇಲೆ ಗೆರೆ ನೋಡುತ್ತೇನೆ. ಹೋದ ತಿಂಗಳು ಭೀಮಪಲಾಸ ಶುರುವಾಯಿತು. ಅದರ ಕೋಮಲ ಗಾಂಧಾರಕ್ಕೆ `Just` ಕೊಡುವ ಜಾಗ 316 ಸೆಂಟ್. ಗುರುಗಳು ಹೇಳಿಕೊಡುವುದು ಅದಕ್ಕಿಂತ ಇಳಿದದ್ದು, ಮಧ್ಯಮದಿಂದ ತೂಗಿ ಬರುವಂಥದ್ದು. ಅಲ್ಲಿ ಮುಳ್ಳು ಕೆಂಪಾಗಿಯೇ ಇರುತ್ತದೆ, ನಾನು ಏರಿಸಲು ಹೋಗುತ್ತಿಲ್ಲ.