ಸ್ಟಾಕ್ ಮತ್ತು ಜಿಎಲ್ ತಾಳೆಯಾಗದಿದ್ದರೆ ಜೆವಿ ಹಾಕಿ ಮುಚ್ಚಬೇಡಿ

ಮಾರ್ಚ್ ಕ್ಲೋಸಿಂಗ್ ಹತ್ತಿರ ಬಂದಾಗ ಸ್ಟಾಕ್ ವ್ಯಾಲ್ಯೂ ಒಂದು, ಜನರಲ್ ಲೆಡ್ಜರ್ ಬ್ಯಾಲೆನ್ಸ್ ಇನ್ನೊಂದು ಕಂಡರೆ ಅಕೌಂಟ್ಸ್‌ನಲ್ಲಿ ಎಲ್ಲರಿಗೂ ಬರುವ ಮೊದಲ ಆಲೋಚನೆ ಒಂದೇ: ವ್ಯತ್ಯಾಸಕ್ಕೆ ಒಂದು ಜೆವಿ ಹಾಕಿ, ಎಕ್ಸ್‌ಪೆನ್ಸ್‌ಗೆ ತಳ್ಳಿ, ಮುಂದೆ ಹೋಗೋಣ. ದಯವಿಟ್ಟು ಹಾಗೆ ಮಾಡಬೇಡಿ. ಪೀಣ್ಯದ ಒಂದು ಕಾರ್ಖಾನೆಯಲ್ಲಿ ಹೀಗೆ ಮಾಡಿಟ್ಟಿದ್ದರು. ಅದನ್ನು ಬಿಡಿಸುವ ಕೆಲಸ ನನ್ನ ಪಾಲಿಗೆ ಬಂತು. ನಿಮ್ಮಲ್ಲೂ ಸ್ಯಾಪ್ ಇದ್ದರೆ ಇದನ್ನು ಪೂರ್ತಿ ಓದಿ.

ನಾನು ಸೇರುವ ಹೊತ್ತಿಗೆ ಕಚ್ಚಾ ಮಾಲಿನ ಖಾತೆ 140100 ಸರಿಯಾಗೇ ಕಾಣುತ್ತಿತ್ತು. ಸ್ಟಾಕ್ ಮೊತ್ತವನ್ನು ಜಿಎಲ್ ಜೊತೆ ಹೋಲಿಸಿ ತೋರಿಸುವ MB5L ಓಡಿಸಿದರೆ ಮಟೀರಿಯಲ್‌ಗಳ ಮೊತ್ತ 83,00,000, ಜಿಎಲ್ ಕೂಡ 83,00,000. ಎಲ್ಲರಿಗೂ ಸಮಾಧಾನ. ಆದರೆ ಪ್ಯಾಕಿಂಗ್ ಮಾಲಿನ ಖಾತೆ 140200 ನೋಡಿದ ಆಡಿಟರ್ ಕೇಳಿದರು: "ಗೋಡೌನ್‌ನಲ್ಲಿ ನಾಲ್ಕು ಲಕ್ಷದ ಡಬ್ಬ ಇದೆ ಅಂತೀರಿ, ಲೆಡ್ಜರ್‌ನಲ್ಲಿ ಕ್ರೆಡಿಟ್ ಬ್ಯಾಲೆನ್ಸ್ ಇದೆಯಲ್ಲ ಮೇಡಂ?" ನಿಜವೇ. ಮಟೀರಿಯಲ್ ಕಡೆ 4,10,000, ಜಿಎಲ್ ಕಡೆ ಮೈನಸ್ 1,55,000. ಸ್ಟಾಕ್ ಖಾತೆ ಮೈನಸ್‌ಗೆ ಹೋಗಿದೆ ಅಂದರೆ ಎಲ್ಲೋ ಏನೋ ತಪ್ಪಿರುವ ಸಾಧ್ಯತೆಯೇ ಹೆಚ್ಚು. ಯಾಕಂದ್ರೆ ಸೆಟ್ಟಿಂಗ್‌ನಲ್ಲಿ ನೆಗೆಟಿವ್ ಸ್ಟಾಕ್‌ಗೆ ಅನುಮತಿ ಕೊಟ್ಟಿರದಿದ್ದರೆ ಇಲ್ಲದ ಮಾಲನ್ನು ಯಾರೂ ಇಶ್ಯೂ ಮಾಡಲು ಆಗಲ್ಲ.

ವ್ಯತ್ಯಾಸ 5,65,000. ನಾನು ಮೊದಲು ಮಾಡಿದ್ದು ಹಳೆಯ ತಿಂಗಳ MB5L ಪ್ರಿಂಟ್‌ಗಳನ್ನು ಹುಡುಕಿದ್ದು. ಪುಣ್ಯಕ್ಕೆ ಜನವರಿ, ಫೆಬ್ರವರಿಯವು ಫೈಲ್‌ನಲ್ಲಿದ್ದವು. ಎರಡರಲ್ಲೂ 140200ರ ವ್ಯತ್ಯಾಸ ಅಷ್ಟೇ, 5,65,000, ಒಂದು ರೂಪಾಯಿ ಹೆಚ್ಚು ಕಡಿಮೆ ಇಲ್ಲ. ಇದು ದೊಡ್ಡ ಸುಳಿವು. ದಿನದಿನದ ವಹಿವಾಟಿನಲ್ಲಿ ತಪ್ಪಿದ್ದರೆ ವ್ಯತ್ಯಾಸ ತಿಂಗಳಿಂದ ತಿಂಗಳಿಗೆ ಬದಲಾಗುತ್ತಾ ಹೋಗುತ್ತದೆ. ಬದಲಾಗದೆ ನಿಂತಿದೆ ಅಂದರೆ ಯಾವುದೋ ಒಂದು ದಿನ, ಒಂದೇ ಸಲ ಏನೋ ಆಗಿದೆ.

FBL3Nನಲ್ಲಿ 140200ನ್ನು ಮೊದಲ ದಿನದಿಂದ ತೆಗೆದೆ. ಮೊದಲ ಸಾಲೇ WA ಡಾಕ್ಯುಮೆಂಟ್, ಅಂದರೆ ಗೂಡ್ಸ್ ಇಶ್ಯೂ, ಕ್ರೆಡಿಟ್. ಓಪನಿಂಗ್ ಇಲ್ಲ, ರಿಸೀಟ್ ಇಲ್ಲ, ನೇರವಾಗಿ ಇಶ್ಯೂ! ಒಂದು ರಟ್ಟಿನ ಡಬ್ಬದ ಮಟೀರಿಯಲ್ ನಂಬರ್ ಹಿಡಿದು MB51ನಲ್ಲಿ ಅದರ ಚಲನೆ ನೋಡಿದೆ. ಜನವರಿ 12ರ ಇಶ್ಯೂವಿನ ಅಕೌಂಟಿಂಗ್ ಡಾಕ್ಯುಮೆಂಟ್ ತೆರೆದರೆ ಕ್ರೆಡಿಟ್ ಆಗಿದ್ದು 140100. ಅದೇ ಡಬ್ಬ, ಅದೇ ಲೈನ್, ಜನವರಿ 18ರ ಇಶ್ಯೂ ಕ್ರೆಡಿಟ್ ಆಗಿದ್ದು 140200. ನಡುವಿನ ವಾರದಲ್ಲಿ ಯಾವ ಮಾಲು ಯಾವ ಖಾತೆಗೆ ಹೋಗಬೇಕು ಅಂತ ಹೇಳುವ OBYCನಲ್ಲಿ ಯಾರೋ BSX ಕೀ ಕೆಳಗೆ ಪ್ಯಾಕಿಂಗ್ ಮಾಲಿನ ವ್ಯಾಲ್ಯುವೇಶನ್ ಕ್ಲಾಸ್ 3050ರ ಖಾತೆಯನ್ನು ಬದಲಾಯಿಸಿದ್ದರು. ಪ್ಯಾಕಿಂಗ್ ಮಾಲನ್ನು ಬೇರೆ ಖಾತೆಯಲ್ಲಿ ತೋರಿಸಬೇಕು ಅನ್ನುವ ಒಳ್ಳೆಯ ಉದ್ದೇಶವೇ. ಆದರೆ ಆ ದಿನ ಗೋಡೌನ್‌ನಲ್ಲಿ 5,65,000ದ ಪ್ಯಾಕಿಂಗ್ ಮಾಲು ಇತ್ತು. ಸೆಟ್ಟಿಂಗ್ ಬದಲಾದ ತಕ್ಷಣ MB5L ಆ ಮಾಲನ್ನೆಲ್ಲ 140200ರ ಕೆಳಗೆ ಎಣಿಸಲು ಶುರು ಮಾಡಿತು. ಜಿಎಲ್‌ನ ದುಡ್ಡು ಮಾತ್ರ 140100ರಲ್ಲೇ ಉಳಿಯಿತು. ಅದು ತಾನಾಗಿ ಸರಿಯುವುದಿಲ್ಲ.

ಹಾಗಾದರೆ 140100ರಲ್ಲಿ ಜಿಎಲ್ 5,65,000 ಜಾಸ್ತಿ ಇರಬೇಕಿತ್ತು ಅಲ್ವಾ? ಅಲ್ಲಿ ವ್ಯತ್ಯಾಸ ಸೊನ್ನೆ. ನನಗೆ ಜಾಸ್ತಿ ಗಾಬರಿಯಾಗಿದ್ದು ಇಲ್ಲೇ.

ಮತ್ತೆ FBL3N, ಈ ಸಲ 140100. ಸ್ಟಾಕ್ ಖಾತೆಗೆ ಬರಬೇಕಾದವು ಸಾಮಾನ್ಯವಾಗಿ ರಿಸೀಟ್‌ನ WE, ಇಶ್ಯೂವಿನ WA, ಇನ್‌ವಾಯ್ಸ್‌ನ RE, ಬೆಲೆ ಬದಲಾದರೆ PR. ಲೇಔಟ್‌ನಲ್ಲಿ ಡಾಕ್ಯುಮೆಂಟ್ ಟೈಪ್ ಮತ್ತು ಮಟೀರಿಯಲ್ ಕಾಲಮ್ ಸೇರಿಸಿಕೊಂಡು, ಮಟೀರಿಯಲ್ ಖಾಲಿ ಇರುವ ಸಾಲುಗಳನ್ನು ಮಾತ್ರ ಫಿಲ್ಟರ್ ಮಾಡಿ. ಮಟೀರಿಯಲ್ ನಂಬರ್ ಇಲ್ಲದ ಸಾಲು ಜಿಎಲ್‌ಗೆ ಹೋಗಿರುತ್ತದೆ, ಸ್ಟಾಕ್‌ಗೆ ಮುಟ್ಟಿರುವುದಿಲ್ಲ. ಅನುಮಾನ ಇದ್ದರೆ SE16Nನಲ್ಲಿ BKPF ತೆರೆದು AWTYP ನೋಡಿ. MKPF, RMRP, PRCHG ಇದ್ದರೆ ಪೋಸ್ಟಿಂಗ್ ಸ್ಟಾಕ್ ಕಡೆಯಿಂದ ಬಂದಿದೆ. ಬರೀ BKPF ಇದ್ದರೆ ಫೈನಾನ್ಸ್‌ನಲ್ಲಿ ಯಾರೋ ಕೈಯಿಂದ ಹಾಕಿದ್ದಾರೆ.

ನನಗೆ ಎರಡೇ ಸಾಲು ಸಿಕ್ಕವು. ಒಂದು ಡಿಸೆಂಬರ್‌ನ KR ಡಾಕ್ಯುಮೆಂಟ್, 3,20,000 ಡೆಬಿಟ್. ಉಕ್ಕು ತಂದ ಲಾರಿ ಬಾಡಿಗೆಯ ಬಿಲ್ಲನ್ನು FB60ಯಲ್ಲಿ ನೇರ ಸ್ಟಾಕ್ ಖಾತೆಗೆ ಹಾಕಿದ್ದರು. ಬಾಡಿಗೆ ಮಾಲಿನ ಬೆಲೆಗೆ ಸೇರಬೇಕು ಅನ್ನುವುದು ಸರಿಯೇ, ಆದರೆ ಹೀಗೆ ಹಾಕಿದರೆ ಯಾವ ಮಟೀರಿಯಲ್‌ನ ಬೆಲೆಯೂ ಏರುವುದಿಲ್ಲ. ಎರಡನೆಯದು ಫೆಬ್ರವರಿ 28ರ SA ಜೆವಿ, 8,85,000 ಕ್ರೆಡಿಟ್, ಟೆಕ್ಸ್ಟ್‌ನಲ್ಲಿ "ಸ್ಟಾಕ್ ಡಿಫರೆನ್ಸ್ ಅಡ್ಜಸ್ಟ್‌ಮೆಂಟ್". 5,65,000 ಮತ್ತು 3,20,000 ಕೂಡಿಸಿ ನೋಡಿ, ಅದೇ 8,85,000. ಎರಡು ಬೇರೆ ಬೇರೆ ಕಾರಣಗಳನ್ನು ಒಂದೇ ಮೊತ್ತವಾಗಿ ನೋಡಿ ಎಕ್ಸ್‌ಪೆನ್ಸ್‌ಗೆ ಬರೆದುಬಿಟ್ಟಿದ್ದರು. ಗೋಡೌನ್‌ನಲ್ಲಿ ಕಣ್ಣ ಮುಂದೆ ಇದ್ದ ಡಬ್ಬಗಳು ಪುಸ್ತಕದಲ್ಲಿ ಖರ್ಚಾಗಿ ಹೋಗಿದ್ದವು.

ಬಾಗಿಲು ತೆರೆದದ್ದು ಹೇಗೆ? ಸ್ಟಾಕ್ ಖಾತೆಗೆ FS00ನಲ್ಲಿ 'Post automatically only' ಅನ್ನುವ ಟಿಕ್ ಇರುತ್ತದೆ. ಅದು ಇದ್ದರೆ FB60, FB50 ಯಾವುದರಿಂದಲೂ ಆ ಖಾತೆಗೆ ಹಾಕಲು ಬಿಡುವುದಿಲ್ಲ. FS04ರಲ್ಲಿ ಬದಲಾವಣೆಯ ಇತಿಹಾಸ ನೋಡಿದರೆ, ನವೆಂಬರ್‌ನಲ್ಲಿ ಆ ಟಿಕ್ ತೆಗೆದವರು ವಾಪಸ್ ಹಾಕಿರಲಿಲ್ಲ.

ಸರಿಪಡಿಸಿದ್ದು ಹೀಗೆ. ಮೊದಲು 8,85,000ದ ಜೆವಿಯನ್ನು FB08ನಲ್ಲಿ ಮಾರ್ಚ್ ತಾರೀಖಿಗೆ ರಿವರ್ಸ್ ಮಾಡಿದೆವು. 140100 ಆಗ 91,85,000ಕ್ಕೆ ಏರಿತು. ಆಮೇಲೆ 5,65,000ವನ್ನು 140100ರಿಂದ 140200ಕ್ಕೆ ಜೆವಿ ಮೂಲಕ ಸರಿಸಿದೆವು. ಇಲ್ಲಿ ಕೈಯಿಂದ ಜೆವಿ ಹಾಕುವುದು ಸರಿ, ಯಾಕಂದ್ರೆ ಮಾಲು ಎಲ್ಲೂ ಹೋಗಿಲ್ಲ, ಮಟೀರಿಯಲ್ ಕಡೆ ತಿದ್ದುವುದು ಏನೂ ಇಲ್ಲ. 140200 ಮೈನಸ್ 1,55,000ದಿಂದ 4,10,000ಕ್ಕೆ ಬಂತು.

ಲಾರಿ ಬಾಡಿಗೆ ಸ್ವಲ್ಪ ಯೋಚನೆ ಮಾಡಿಸಿತು. ಬಂದಿದ್ದು 40 ಟನ್ ಉಕ್ಕು, ಮಾರ್ಚ್ ಕೊನೆಗೆ ಉಳಿದದ್ದು 10 ಟನ್. ಪೂರ್ತಿ 3,20,000ವನ್ನು ಉಳಿದ ಮಾಲಿನ ಮೇಲೆ ಹೇರಿದರೆ ಅದರ ಬೆಲೆ ಸುಳ್ಳಾಗುತ್ತದೆ. ಹಾಗಾಗಿ ಇಡೀ ಮೊತ್ತವನ್ನು 140100ರಿಂದ ಬಾಡಿಗೆ ಖರ್ಚಿಗೆ ತೆಗೆದು, ಕಾಲು ಭಾಗ 80,000ವನ್ನು ಮಾತ್ರ MR22ನಲ್ಲಿ ಆ ಉಕ್ಕಿನ ಮೇಲೆ ಹಾಕಿದೆವು. MR22 ಮಟೀರಿಯಲ್ ಬೆಲೆಯನ್ನೂ ಜಿಎಲ್ ಅನ್ನೂ ಒಟ್ಟಿಗೆ ಏರಿಸುತ್ತದೆ. ಅದರ ಎದುರು ಖಾತೆಯಲ್ಲಿ ಬಂದ ಕ್ರೆಡಿಟ್ಟನ್ನು ಬಾಡಿಗೆ ಖರ್ಚಿಗೆ ಸರಿಸಿದೆವು. ಕೊನೆಗೆ MB5Lನಲ್ಲಿ 140100 ಎರಡೂ ಕಡೆ 83,80,000. ಖರ್ಚಾಗಬೇಕಿದ್ದದ್ದು 2,40,000, ಬರೆದಿದ್ದದ್ದು 8,85,000. ಲಾಭ 6,45,000 ಕಡಿಮೆ ತೋರಿಸಿದ್ದರು.

ಒಂದು ಮಾತು: MB5L ಓಡಿಸುವಾಗ ಸ್ಟೋರ್ಸ್‌ನವರು ಎಂಟ್ರಿ ಮಾಡುತ್ತಿದ್ದರೆ ಸುಮ್ನೆ ಇಲ್ಲದ ವ್ಯತ್ಯಾಸ ಕಾಣಬಹುದು. ಕೆಲಸ ನಿಂತ ಮೇಲೆ ಓಡಿಸಿ. ಒಟ್ಟು ಮೊತ್ತವನ್ನಲ್ಲ, ಖಾತೆ ಖಾತೆಯಾಗಿ ನೋಡಿ. OBYC ಮೊದಲು ಬದಲಾದಾಗ ಒಂದು ಖಾತೆಯ ಜಾಸ್ತಿ ಇನ್ನೊಂದರ ಕಡಿಮೆಯನ್ನು ಮುಚ್ಚಿತ್ತು, ಒಟ್ಟು ಮೊತ್ತದಲ್ಲಿ ಅದು ಕಾಣಲೇ ಇಲ್ಲ. ಖಾತೆ ಬದಲಿಸಲೇಬೇಕಾದರೆ ಚಲನೆ ನಿಲ್ಲಿಸಿ, ಆ ಕ್ಷಣದ ಪಟ್ಟಿ ತೆಗೆದಿಟ್ಟು, ಅಷ್ಟೇ ಮೊತ್ತದ ಜೆವಿಯನ್ನು ಅದೇ ರಾತ್ರಿ ಹಾಕಿಸಿ. ಬಾಡಿಗೆಯನ್ನು ಪರ್ಚೇಸ್ ಆರ್ಡರ್‌ನ ಕಂಡಿಷನ್‌ನಲ್ಲೇ ಸೇರಿಸಿಕೊಂಡರೆ ಮಾಲು ಬಂದಾಗಲೇ ಅದು ಬೆಲೆಯಲ್ಲಿ ಕೂರುತ್ತದೆ.

ನಮ್ಮಲ್ಲಿ ಮಾರ್ಚ್ ಪುಸ್ತಕ ಸರಿಹೋಯಿತು. ಆದರೆ ಫೆಬ್ರವರಿಯ ಸ್ಟಾಕ್ ಸ್ಟೇಟ್‌ಮೆಂಟನ್ನು ಜಿಎಲ್ ನೋಡಿಯೇ ಬ್ಯಾಂಕಿಗೆ ಕಳಿಸಿಬಿಟ್ಟಿದ್ದರು. ಅದನ್ನು ತಿದ್ದಿ, ಕಾರಣ ಬರೆದು, ಮತ್ತೆ ಕಳಿಸಬೇಕಾಯಿತು.