ಒಂದೇ ಅಡಚಣೆಗೆ ಎರಡು ಪೋಸ್ಟ್‌ಮಾರ್ಟಮ್: ತಲೆಬರಹ ಹಚ್ಚಿದ್ದು, ಲಾಗ್ ಹಿಡಿದು ಮತ್ತೆ ಬರೆದದ್ದು

ಕಲಬುರಗಿಯ ಗಂಜಿನ ಅಡತ್ ಅಂಗಡಿಗಳಿಗೆ ತೊಗರಿ ಮಾರಾಟದ ಲೆಕ್ಕದ ಪಟ್ಟಿ ತೆಗೆದುಕೊಡುವ ತಂತ್ರಾಂಶವನ್ನು ನೋಡಿಕೊಳ್ಳುವ ಸಣ್ಣ ತಂಡದಲ್ಲಿ ನಾನಿದ್ದೇನೆ. ಹೋದ ಸುಗ್ಗಿಯಲ್ಲಿ ಒಂದು ಬೆಳಿಗ್ಗೆ ಪೋಸ್ಟ್‌ಗ್ರೆಸ್ ಡೇಟಾಬೇಸ್ ನಿಂತುಹೋಯಿತು. ಸಂಜೆ ಸಹೋದ್ಯೋಗಿಯೊಬ್ಬರು ಬರೆದ ವರದಿಯ ಸಾರ ಇಷ್ಟು: “11ರ ಸುಮಾರಿಗೆ ಸರ್ವರ್ ನಿಂತಿತು. ಡಿಸ್ಕ್ ತುಂಬಿತ್ತು. ಹಳೆಯ ಸ್ಲಾಟ್ ತೆಗೆಯುವುದು ಮರೆತುಹೋಗಿತ್ತು. ಸ್ವಲ್ಪ ಹೊತ್ತು ವ್ಯಾಪಾರಿಗಳಿಗೆ ತೊಂದರೆಯಾಯಿತು. ಮುಂದೆ ಎಚ್ಚರ ವಹಿಸುತ್ತೇವೆ.” ಇದನ್ನು ಪೋಸ್ಟ್‌ಮಾರ್ಟಮ್ ಆಗಿ, ಅಂದರೆ ಏನಾಯಿತು, ಏಕಾಯಿತು ಎಂದು ಬಿಡಿಸಿ ಹೇಳುವ ವರದಿಯಾಗಿ ಮಾರ್ಪಡಿಸುವ ಕೆಲಸ ನನ್ನ ಪಾಲಿಗೆ ಬಂದಾಗ, ಎರಡು ವಿಧಾನಗಳನ್ನು ಇದೇ ಘಟನೆಯ ಮೇಲೆ ಪ್ರಯೋಗಿಸಿ ನೋಡಿದೆ.

ಮೊದಲನೆಯದು ಸುಲಭದ್ದು. ಟೈಮ್‌ಲೈನ್, ಪರಿಣಾಮ, ಮೂಲ ಕಾರಣ, ಸರಿಪಡಿಸುವ ಕ್ರಮಗಳು ಎಂಬ ನಾಲ್ಕು ತಲೆಬರಹಗಳನ್ನಿಟ್ಟು, ಹಳೆಯ ವಾಕ್ಯಗಳನ್ನು ಅವುಗಳ ಕೆಳಗೆ ಹಂಚಿದೆ. ನಲವತ್ತು ನಿಮಿಷದಲ್ಲಿ ಮುಗಿಯಿತು, ನೋಡಲು ಅಚ್ಚುಕಟ್ಟಾಗಿಯೂ ಇತ್ತು. ಎರಡನೆಯದರಲ್ಲಿ ಹಳೆಯ ವರದಿಯನ್ನು ಪಕ್ಕಕ್ಕಿಟ್ಟು, ಲಾಗ್, ಅಲರ್ಟ್ ಮೇಲ್ ಮತ್ತು ಫೋನ್ ಕರೆಗಳ ಪಟ್ಟಿಯಿಂದ ಟೈಮ್‌ಲೈನ್ ಕಟ್ಟಿ, ಉಳಿದ ಮೂರು ಭಾಗಗಳನ್ನು ಅದರಿಂದಲೇ ಹೊರಡಿಸಿದೆ. ಇದಕ್ಕೆ ಅರ್ಧ ದಿನ ಹೋಯಿತು.

ವ್ಯತ್ಯಾಸ ಲಾಗ್‌ನ ಒಂದೇ ಸಾಲಿನಲ್ಲಿ ಕಣ್ಣಿಗೆ ಬಿತ್ತು:

```
04:52:07 UTC [1842] PANIC:  could not write to file "pg_wal/xlogtemp.1842": No space left on device
```

ಸರ್ವರ್ ಬರೆಯುವುದು ಯುಟಿಸಿ ಸಮಯ, ನಮ್ಮ ಫೋನ್ ತೋರಿಸುವುದು ಭಾರತೀಯ ಸಮಯ. ಐದೂವರೆ ಗಂಟೆ ಕೂಡಿಸಿದರೆ ಡೇಟಾಬೇಸ್ ನಿಂತದ್ದು 10:22ಕ್ಕೆ. “ಸಾಹೇಬ್ರ, ಪಟ್ಟಿ ಬರವಲ್ದು ನೋಡ್ರಿ” ಎಂಬ ಮೊದಲ ಕರೆ ಬಂದದ್ದು 11ಕ್ಕೆ. ಹಳೆಯ ವರದಿಯ “11ರ ಸುಮಾರಿಗೆ” ಎಂಬುದು ನಮಗೆ ಗೊತ್ತಾದ ಸಮಯವೇ ಹೊರತು ಡೇಟಾಬೇಸ್ ನಿಂತ ಸಮಯವಲ್ಲ. ನಡುವಿನ 38 ನಿಮಿಷ ತಲೆಬರಹ ಹಚ್ಚಿದ ಆವೃತ್ತಿಯಲ್ಲಿ ಎಲ್ಲಿಯೂ ಇರಲಿಲ್ಲ. ಟೈಮ್‌ಲೈನನ್ನು ಇನ್ನೂ ಹಿಂದಕ್ಕೆ ಎಳೆದಾಗ, ಡಿಸ್ಕ್ ಶೇ. 90 ತುಂಬಿದೆ ಎಂಬ ಅಲರ್ಟ್ ಎರಡು ದಿನ ಮೊದಲೇ ಹೋಗಿದ್ದು, ಅದು ಯಾರೂ ತೆರೆಯದ ಮೇಲ್ ಪೆಟ್ಟಿಗೆಗೆ ಸೇರಿದ್ದೂ ತಿಳಿಯಿತು.

ಪರಿಣಾಮದ ಭಾಗದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. “ಸ್ವಲ್ಪ ಹೊತ್ತು” ಎಂಬುದು 10:22ರಿಂದ 11:50ರವರೆಗಿನ 88 ನಿಮಿಷವಾಯಿತು; 23 ಅಂಗಡಿಗಳು ಕೈಯಿಂದ ಪಟ್ಟಿ ಬರೆದವು, ಸಂಜೆ ಅವುಗಳನ್ನು ಸೇರಿಸುವಾಗ ಮೂರು ಪಟ್ಟಿಗಳು ಎರಡೆರಡು ಬಾರಿ ದಾಖಲಾದವು.

ಮೂಲ ಕಾರಣದಲ್ಲಿ ಎರಡೂ ವಿಧಾನಗಳು ಬೇರೆ ಬೇರೆ ದಿಕ್ಕಿಗೆ ಹೋದವು. ಮೊದಲನೆಯದರಲ್ಲಿ “ಏಕೆ” ಎಂದು ಒಂದರ ಹಿಂದೆ ಒಂದು ಕೇಳುತ್ತಾ ಹೋದರೆ, ಸ್ಲಾಟ್ ತೆಗೆಯಲು ಮರೆತ ವ್ಯಕ್ತಿಯ ಹತ್ತಿರ ನಿಂತುಬಿಡುತ್ತದೆ. ನಿಜವಾಗಿ ನಡೆದದ್ದು ಹೀಗೆ: 12 ದಿನ ಮೊದಲು ಡೇಟಾಬೇಸಿನ ನಕಲಾಗಿ ಓಡುತ್ತಿದ್ದ ಒಂದು ರೆಪ್ಲಿಕಾವನ್ನು ನಿಲ್ಲಿಸಿದ್ದೆವು, ಆದರೆ ಅದು ಎಲ್ಲಿಯವರೆಗೆ ಓದಿದೆ ಎಂದು ಗುರುತಿಡುವ ರೆಪ್ಲಿಕೇಶನ್ ಸ್ಲಾಟ್ ಉಳಿದಿತ್ತು. ಸ್ಲಾಟ್ ಇರುವವರೆಗೆ, ಓದುವವರು ಇಲ್ಲದಿದ್ದರೂ, ಪೋಸ್ಟ್‌ಗ್ರೆಸ್ ತನ್ನ ಬರಹದ ಲಾಗ್ ಕಡತಗಳನ್ನು `pg_wal`ನಲ್ಲಿ ಕಾದಿಟ್ಟುಕೊಳ್ಳುತ್ತದೆ. ದಿನಕ್ಕೆ ಸುಮಾರು 4 ಜಿಬಿಯಂತೆ 48 ಜಿಬಿ ಸೇರಿ, ಖಾಲಿ ಇದ್ದ ಜಾಗವೆಲ್ಲ ಮುಗಿಯಿತು. ಮರೆವು ಇದರಲ್ಲಿ ಒಂದು ಎಳೆ ಮಾತ್ರ. ರೆಪ್ಲಿಕಾ ನಿಲ್ಲಿಸುವ ನಮ್ಮ ಹಂತಪಟ್ಟಿಯಲ್ಲಿ ಸ್ಲಾಟ್ ತೆಗೆಯುವ ಸಾಲೇ ಇರಲಿಲ್ಲ, ಸ್ಲಾಟ್ ಹಿಡಿದಿಡುವ ಕಡತಗಳಿಗೆ ಮಿತಿ ಇರಲಿಲ್ಲ, ಅಲರ್ಟ್ ತಲುಪಬೇಕಾದವರಿಗೆ ತಲುಪಲಿಲ್ಲ. ಈ ಮೂರರಲ್ಲಿ ಒಂದು ಸರಿ ಇದ್ದಿದ್ದರೂ ಅಂದಿನ ಬೆಳಿಗ್ಗೆ ಪಟ್ಟಿ ನಿಲ್ಲುತ್ತಿರಲಿಲ್ಲ. ಹೆಸರಿಲ್ಲದೆ ಬರೆದಿದ್ದರಿಂದ, ಆ ಸಹೋದ್ಯೋಗಿಯೇ ಹಂತಪಟ್ಟಿಯ ಕೊರತೆಯನ್ನು ತೋರಿಸಿಕೊಟ್ಟರು ಎಂಬುದನ್ನೂ ಹೇಳಬೇಕು.

ಚೇತರಿಕೆಯಲ್ಲಿ ಮಾಡಿದ ಒಂದು ಒಳ್ಳೆಯ ನಿರ್ಧಾರ ಮೊದಲ ಆವೃತ್ತಿಯಲ್ಲಿ ಪೂರ್ತಿ ಕಳೆದುಹೋಗಿತ್ತು. `pg_wal`ನ ಕಡತಗಳನ್ನು ಕೈಯಿಂದ ಅಳಿಸುವ ಸಲಹೆ ಅಂದು ಬಂದಿತ್ತು. ಹಾಗೆ ಮಾಡಿದ್ದರೆ ಡೇಟಾಬೇಸ್ ಮತ್ತೆ ಏಳದೇ ಹೋಗಬಹುದಿತ್ತು. ಬದಲಿಗೆ ಡಿಸ್ಕನ್ನು 20 ಜಿಬಿ ಹಿಗ್ಗಿಸಿ, ಡೇಟಾಬೇಸ್ ಎಬ್ಬಿಸಿ, ಸ್ಲಾಟ್ ತೆಗೆದೆವು:

```sql
SELECT slot_name, active FROM pg_replication_slots;
SELECT pg_drop_replication_slot('replica2');
```

ಮುಂದಿನ ಚೆಕ್‌ಪಾಯಿಂಟ್‌ನಲ್ಲಿ ಹಳೆಯ ಕಡತಗಳು ತಾವಾಗಿ ಹೋದವು.

ಘಟನೆ ಚಿಕ್ಕದಿದ್ದು, ಕಾರಣ ಒಂದೇ ಇದ್ದು, ಬರೆದವರು ಸಮಯಗಳನ್ನು ಲಾಗ್‌ನಿಂದಲೇ ಎತ್ತಿದ್ದರೆ ಮೊದಲ ವಿಧಾನ ಸಾಕು. ಉಳಿದ ಕಡೆ ನಾನು ಎರಡನೆಯದನ್ನೇ ಆರಿಸುತ್ತೇನೆ. “ಎಚ್ಚರ ವಹಿಸುತ್ತೇವೆ” ಎಂಬುದು ಆಯಿತೋ ಇಲ್ಲವೋ ಎಂದು ಯಾರೂ ಪರೀಕ್ಷಿಸಲಾರರು. ಅದರ ಜಾಗದಲ್ಲಿ ಈಗ ಮೂರು ಕ್ರಮಗಳಿವೆ, ಪ್ರತಿಯೊಂದಕ್ಕೂ ಒಬ್ಬ ಹೊಣೆಗಾರ ಮತ್ತು ಒಂದು ತಾರೀಖು ಇದೆ: ಹಂತಪಟ್ಟಿಗೆ ಹೊಸ ಸಾಲು, ಅಲರ್ಟ್ ನೇರವಾಗಿ ಪಾಳಿಯಲ್ಲಿರುವವರ ಫೋನಿಗೆ, ಮತ್ತು ಪೋಸ್ಟ್‌ಗ್ರೆಸ್ 13ರಿಂದ ಸಿಗುವ `max_slot_wal_keep_size` 20 ಜಿಬಿಗೆ. ಮೂರನೆಯದಕ್ಕೆ ಬೆಲೆಯೂ ಉಂಟು: ಮಿತಿ ಮೀರಿದರೆ ಸ್ಲಾಟ್ ಅಮಾನ್ಯವಾಗಿ, ಹಿಂದೆ ಬಿದ್ದ ರೆಪ್ಲಿಕಾವನ್ನು ಹೊಸದಾಗಿ ಕಟ್ಟಬೇಕಾಗಬಹುದು. ಪ್ರಯೋಗದ ಸರ್ವರ್‌ನಲ್ಲಿ ಒಂದು ಸ್ಲಾಟನ್ನು ಬೇಕೆಂದೇ ಬಿಟ್ಟು ಮಿತಿ ದಾಟಿಸಿದೆವು. `wal_status` ಕಾಲಂನಲ್ಲಿ `lost` ಎಂದು ಬಂದ ಮೇಲೆಯೇ ಆ ಕ್ರಮದ ಮುಂದೆ “ಮುಗಿದಿದೆ” ಎಂದು ಬರೆದದ್ದು.